ಹಳದಿ ಬಣ್ಣವನ್ನು ಎಷ್ಟು ನಂಬಬೇಕು? ಫೋಟೋ ನೋಡಿ ಬಾಳೆ, ಮಾವು ಮಾಗಿದ ಬಗೆ ಪತ್ತೆ ಮಾಡುವ ಕೈಪಿಡಿ

ಹಣ್ಣಿನ ಫೋಟೋ ಕಳಿಸಿ "ಇದು ಔಷಧಿ ಹಾಕಿದ್ದಾ, ತಾನಾಗಿ ಹಣ್ಣಾದದ್ದಾ?" ಎಂದು ಕೇಳುವವರಿಗೆ ಬೇಕಾದದ್ದು ಒಂದು ಹೌದು ಅಥವಾ ಇಲ್ಲ. ಫೋಟೋ ಅಷ್ಟು ಸಲೀಸಾಗಿ ಉತ್ತರ ಕೊಡುವುದಿಲ್ಲ. ಸಿಪ್ಪೆಯ ಬಣ್ಣ ಮುಖ್ಯವಾಗಿ ಹೇಳುವುದು ಎರಡೇ ಸಂಗತಿ: ಕಾಯಿ ಎಷ್ಟು ಬಲಿತಿತ್ತು, ಮಾಗುವಾಗ ಅದರ ಸುತ್ತ ಎಷ್ಟು ಬಿಸಿ ಇತ್ತು. ಯಾವ ಅನಿಲ ಹಾಕಿದರು ಎಂಬುದು ಬಣ್ಣದಲ್ಲಿ ಕಾಣುವುದಿಲ್ಲ.

ಕಾರಣ ಇಷ್ಟು. ಬಾಳೆಯೂ ಮಾವೂ ಕಿತ್ತ ಮೇಲೆ ಮಾಗುವ ಹಣ್ಣುಗಳು. ಮಾಗುವ ಹೊತ್ತಿಗೆ ಅವೇ ಎಥಿಲೀನ್ ಎಂಬ ಅನಿಲವನ್ನು ಹೊರಬಿಡುತ್ತವೆ. ಹಸಿರು ಹೋಗುವುದು, ತಿರುಳು ಮೆತ್ತಗಾಗುವುದು, ಪಿಷ್ಟ ಸಕ್ಕರೆಯಾಗುವುದು ಎಲ್ಲಕ್ಕೂ ಚಾಲನೆ ಕೊಡುವುದು ಅದೇ. ರೈಪನಿಂಗ್ ಚೇಂಬರಿನಲ್ಲಿ, ಅಂದರೆ ಹಣ್ಣು ಮಾಗಿಸುವ ಕೋಣೆಯಲ್ಲಿ, ಹೊರಗಿನಿಂದ ಕೊಡುವುದೂ ಅದೇ ಎಥಿಲೀನ್. ಪೊಟ್ಟಣ ಕಟ್ಟಿ ಹಣ್ಣಿನ ನಡುವೆ ಇಡುವ ಕ್ಯಾಲ್ಸಿಯಂ ಕಾರ್ಬೈಡ್ ಎಂಬ ರಾಸಾಯನಿಕ ಮಾತ್ರ ಬೇರೆ. ತೇವ ತಗುಲಿದರೆ ಅದು ಅಸಿಟಿಲೀನ್ ಬಿಡುತ್ತದೆ, ಆ ಅಸಿಟಿಲೀನ್ ಎಥಿಲೀನಿನ ಹಾಗೆ ನಟಿಸಿ ಕಾಯಿಯನ್ನು ಎಬ್ಬಿಸುತ್ತದೆ. ಮಾರುಕಟ್ಟೆಯ ಕಾರ್ಬೈಡ್ ಶುದ್ಧವಲ್ಲ, ಆರ್ಸೆನಿಕ್ ಮತ್ತು ರಂಜಕದ ಅಂಶಗಳು ಅದರಲ್ಲಿ ಬೆರೆತಿರುತ್ತವೆ, ಭಯಪಡಬೇಕಾದದ್ದು ಅದಕ್ಕೆ. ಭಾರತದಲ್ಲಿ ಹಣ್ಣು ಮಾಗಿಸಲು ಕಾರ್ಬೈಡ್ ಬಳಸುವುದು ನಿಷಿದ್ಧ, ಎಥಿಲೀನ್ ಅನಿಲವನ್ನು 100 ಪಿಪಿಎಂವರೆಗೆ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲಿನವರೆಗೆ, ಬಳಸಬಹುದು. ಹೀಗಾಗಿ "ಕೃತಕವಾಗಿ ಮಾಗಿಸಿದ್ದು" ಎಂಬ ಒಂದೇ ಮಾತಿನೊಳಗೆ ನಿರಪಾಯವಾದದ್ದೂ ಇದೆ, ಅಪಾಯದ್ದೂ ಇದೆ. ಮುಂದಿನ ತಪಾಸಣೆಯಲ್ಲಿ ಇವೆರಡನ್ನು ಬೆರೆಸಬೇಡಿ.

ಮೊದಲು ಫೋಟೋವನ್ನೇ ಪರೀಕ್ಷಿಸಿ

ಇದಕ್ಕೆ ಖರ್ಚಿಲ್ಲ, ಅರ್ಧ ಅನುಮಾನ ಇಲ್ಲೇ ಕರಗುತ್ತದೆ. ಫೋಟೋದಲ್ಲಿ ಬಿಳಿಯಾಗಿರಲೇಬೇಕಾದ ಏನಾದರೂ ಇದೆಯೇ ನೋಡಿ: ಕಾಗದ, ತಟ್ಟೆಯ ಅಂಚು, ಹಣ್ಣಿನ ಮೇಲಿನ ಚೀಟಿ. ಆ ಬಿಳಿಯೇ ಹಳದಿಯಾಗಿ ಕಂಡರೆ ಹಣ್ಣಿನ ಹಳದಿಯಲ್ಲಿ ಒಂದು ಪಾಲು ದೀಪದ್ದು. ಬೆಚ್ಚಗಿನ ಬಣ್ಣದ ಎಲ್‌ಇಡಿ ಕೆಳಗೆ ದೋರೆಗಾಯಿಯೂ ಪೂರ್ತಿ ಹಣ್ಣಿನಂತೆ ಕಾಣುತ್ತದೆ, ತೊಟ್ಟಿನ ತೆಳು ಹಸಿರು ಮಾಯವಾಗುತ್ತದೆ. ಈಗಿನ ಮೊಬೈಲುಗಳು ಬಣ್ಣವನ್ನು ತಾವೇ ಗಾಢ ಮಾಡುತ್ತವೆ, ಮೇಲ್ಮೈಯನ್ನು ನುಣುಪು ಮಾಡುತ್ತವೆ. ಮೆಸೇಜಿನಲ್ಲಿ ಕಳಿಸುವಾಗ ಫೋಟೋ ಕುಗ್ಗಿ ಸಣ್ಣ ಚುಕ್ಕೆಗಳು ಅಳಿಸಿಹೋಗುತ್ತವೆ. ಸಿಪ್ಪೆಯ ಸುಳಿವು ಎಂದರೆ ಬಹುಪಾಲು ಆ ಚುಕ್ಕೆಗಳೇ. "ಒಂದು ಕಲೆಯೂ ಇಲ್ಲ, ಮೇಣ ಬಳಿದ ಹಾಗಿದೆ" ಎಂಬ ತೀರ್ಪು ಎಷ್ಟೋ ಸಲ ಕ್ಯಾಮೆರಾದ ಮೇಲಿನ ತೀರ್ಪು.

ಮತ್ತೆ ತೆಗೆಯಲು ಸಾಧ್ಯವಿದ್ದರೆ ಹಗಲಿನಲ್ಲಿ, ನೇರ ಬಿಸಿಲು ಬೀಳದ ಕಡೆ, ಫ್ಲ್ಯಾಶ್ ಇಲ್ಲದೆ, ಪಕ್ಕದಲ್ಲಿ ಬಿಳಿ ಕಾಗದ ಇಟ್ಟು ತೆಗೆಯಿರಿ. ಇಡೀ ರಾಶಿಯದು ಒಂದು, ಒಂದೇ ಹಣ್ಣಿನ ಎರಡೂ ಬದಿಯವು, ತೊಟ್ಟಿನ ಹತ್ತಿರದ್ದು, ಕೊನೆಗೆ ಕೊಯ್ದ ಒಳಭಾಗದ್ದು. ಈ ಕೊನೆಯದಿಲ್ಲದೆ ಮಾವಿನ ಬಗ್ಗೆ ಖಚಿತವಾಗಿ ಏನೂ ಹೇಳದಿರುವುದೇ ಒಳ್ಳೆಯದು.

ಬಾಳೆ: ಚಿಪ್ಪಿನ ಎಲ್ಲ ಹಣ್ಣೂ ಒಂದೇ ಹಳದಿ

ಹೆಚ್ಚು ಜನ ಬೆಚ್ಚುವುದು ಇದನ್ನು ನೋಡಿ, ಆದರೆ ಇದರಷ್ಟು ತಪ್ಪಾಗಿ ಓದುವ ಲಕ್ಷಣ ಇನ್ನೊಂದಿಲ್ಲ. ಪಚ್ಚಬಾಳೆ, ಅಂದರೆ ಕ್ಯಾವೆಂಡಿಶ್ ಗುಂಪಿನ ಬಾಳೆಗೆ ಒಂದು ವಿಚಿತ್ರ ಗುಣವಿದೆ. ಸುಮಾರು 24 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಮಾಗಿದರೆ ಅದರ ಸಿಪ್ಪೆಯ ಹಸಿರು ಸರಿಯಾಗಿ ಕರಗುವುದಿಲ್ಲ. ತಿರುಳು ಹಣ್ಣಾಗಿ ಸಿಹಿಯಾಗಿರುತ್ತದೆ, ಸಿಪ್ಪೆ ಮಾತ್ರ ಹಸಿರು ಮಿಶ್ರಿತ ಹಳದಿಯಲ್ಲೇ ನಿಂತಿರುತ್ತದೆ. ಬಿಸಿ 30 ಡಿಗ್ರಿ ಮೀರಿದರೆ ಇದು ಇನ್ನೂ ಸ್ಪಷ್ಟ. ಎಲ್ಲ ಬಾಳೆ ತಳಿಗಳೂ ಹೀಗಲ್ಲ, ಕೆಲವು ಬಿಸಿಯಲ್ಲೂ ಚೆನ್ನಾಗಿ ಹಳದಿಯಾಗುತ್ತವೆ. ಆದ್ದರಿಂದ ತಳಿ ಯಾವುದೆಂದು ಕೇಳದೆ ಬಣ್ಣ ಓದಬಾರದು.

ಇದರಿಂದ ಏನಾಯಿತು? ಬೇಸಿಗೆಯ ಬಿಸಿಯಲ್ಲೂ ಪಚ್ಚಬಾಳೆ ಮೂಲೆಯಿಂದ ಮೂಲೆಗೆ ಸ್ವಚ್ಛ ಹಳದಿಯಾಗಿ ಕಂಡರೆ ಅದು ಬಹುಮಟ್ಟಿಗೆ ತಂಪು ಕೋಣೆಯಲ್ಲಿ ಮಾಗಿದ್ದು. ಚೇಂಬರಿನ ಕ್ರಮ ಹೀಗೆ: 14ರಿಂದ 18 ಡಿಗ್ರಿ ತಂಪು, ಶೇಕಡಾ 90ಕ್ಕಿಂತ ಹೆಚ್ಚು ತೇವ, ಸುಮಾರು ಒಂದು ದಿನ ಎಥಿಲೀನ್, ಆಮೇಲೆ ಗಾಳಿಯಾಡಿಸಿ ಕೆಲವು ದಿನ ಮಾಗಲು ಬಿಡುವುದು. ಕೋಣೆಯ ಎಲ್ಲ ಕಾಯಿಗಳಿಗೂ ಒಂದೇ ದಿನ ಚಾಲನೆ ಸಿಕ್ಕುವುದರಿಂದ ಬಣ್ಣವೂ ಒಟ್ಟಿಗೆ ತಿರುಗುತ್ತದೆ. ಗುಡಿಸಲಿನ ಮೂಲೆಯಲ್ಲಿ ಕಾರ್ಬೈಡ್ ಪೊಟ್ಟಣ ಇಟ್ಟವರ ಬಳಿ ಇಂಥ ತಂಪು ಇರುವುದಿಲ್ಲ. ಮೇಲಾಗಿ ಕಾರ್ಬೈಡ್ ನೀರಿನೊಂದಿಗೆ ಸೇರಿದಾಗ ತಾನೇ ಬಿಸಿ ಹುಟ್ಟಿಸುತ್ತದೆ. ಹೀಗಿರುವಾಗ ಅಚ್ಚುಕಟ್ಟಾದ ಹಳದಿಯನ್ನು ಕಾರ್ಬೈಡಿನ ಗುರುತು ಎನ್ನುವುದು ಸತ್ಯವನ್ನು ತಲೆಕೆಳಗು ಮಾಡಿದಂತೆ.

ತಾನಾಗಿ ಮಾಗಿದ ರಾಶಿ ಬೇರೆ ಥರ ಕಾಣುತ್ತದೆ. ಗೊನೆಯ ಮೇಲಿನ ಚಿಪ್ಪಿನ ಕಾಯಿಗಳು ಕೆಳಗಿನವಕ್ಕಿಂತ ಮೊದಲು ಬಲಿತಿರುತ್ತವೆ, ಮೊದಲು ಹಣ್ಣಾಗುತ್ತವೆ. ಒಂದೇ ಗೊನೆಯಲ್ಲಿ ಹಳದಿ, ದೋರೆ, ಹಸಿರು ಮೂರೂ ಸಿಗಬಹುದು. ಹಾಗಾಗಿ ಫೋಟೋದಲ್ಲಿ ಹೋಲಿಸಬೇಕಾದದ್ದು ಇಡೀ ಗೊನೆಯನ್ನು ಅಥವಾ ರಾಶಿಯನ್ನು. ಒಂದೇ ಚಿಪ್ಪಿನ ಹಣ್ಣುಗಳು ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಅವು ಒಂದೇ ಬಣ್ಣದಲ್ಲಿದ್ದರೆ ಅದರಲ್ಲಿ ಸುದ್ದಿಯೇನೂ ಇಲ್ಲ.

ಬಾಳೆ: ಮೈ ಹಳದಿ, ತೊಟ್ಟು ಮತ್ತು ತುದಿ ಹಸಿರು

ಇದೇ ಕಾರ್ಬೈಡಿನ ಖಚಿತ ಗುರುತು ಎಂಬ ಮೆಸೇಜು ನಿಮಗೂ ಬಂದಿರುತ್ತದೆ. ಬಾಳೆ ವ್ಯಾಪಾರದಲ್ಲಿ ಬಣ್ಣವನ್ನು ಏಳು ಹಂತವಾಗಿ ವಿಂಗಡಿಸುತ್ತಾರೆ: ಒಂದನೆಯದು ಪೂರ್ತಿ ಹಸಿರು, ಆರನೆಯದು ಪೂರ್ತಿ ಹಳದಿ, ಏಳನೆಯದು ಕಂದು ಚುಕ್ಕೆ ಬಿದ್ದ ಹಳದಿ. ಐದನೆಯದೇ ಮೈ ಹಳದಿ, ತುದಿ ಹಸಿರು. ಎಲ್ಲ ಹಣ್ಣೂ ಈ ಹಂತವನ್ನು ಹಾದೇ ಹೋಗುತ್ತದೆ. ಅಂಗಡಿಯವರು ಬೇಕೆಂದೇ ಈ ಹಂತದಲ್ಲಿ ಹಣ್ಣು ತರಿಸುತ್ತಾರೆ, ಎರಡು ದಿನ ಹೆಚ್ಚು ಉಳಿಯಲಿ ಎಂದು. ಹಸಿರು ತೊಟ್ಟು ಕಂಡರೆ ಒಂದೆರಡು ದಿನ ಇಟ್ಟು ನೋಡಿ, ಹಸಿರು ಹೋಗಿ ಚುಕ್ಕೆ ಬೀಳತೊಡಗಿದರೆ ಆ ಹಸಿರು ಬರೀ ಐದನೆಯ ಹಂತದ್ದು ಎಂದು ತಿಳಿಯಿರಿ.

ಕಂದು ಚುಕ್ಕೆಯ ವಿಷಯವೂ ಹೀಗೆಯೇ. ಚುಕ್ಕೆ ಹಣ್ಣಿನ ವಯಸ್ಸು ಹೇಳುತ್ತದೆ, ಹುಟ್ಟುಮೂಲ ಹೇಳುವುದಿಲ್ಲ. ಚೇಂಬರಿನ ಹಣ್ಣಿಗೂ ಕಾಲ ಬಂದಾಗ ಚುಕ್ಕೆ ಬೀಳುತ್ತದೆ.

ಬಾಳೆ: ಸಿಪ್ಪೆ ಪೂರ್ತಿ ಹಳದಿ, ಒಳಗೆ ಇನ್ನೂ ಕಾಯಿ

ಇದು ಗಮನ ಕೊಡಬೇಕಾದ ಲಕ್ಷಣ. ಸುಲಿದರೆ ಸಿಪ್ಪೆ ತಿರುಳಿಗೆ ಅಂಟಿಕೊಂಡಿರುತ್ತದೆ, ಕಚ್ಚಿದರೆ ಒಗರು, ಹಿಟ್ಟು ಹಿಟ್ಟು. ಸಿಪ್ಪೆಯೂ ತಿರುಳೂ ಸಾಮಾನ್ಯವಾಗಿ ಜೊತೆಜೊತೆಗೆ ಮಾಗುತ್ತವೆ. ಸಿಪ್ಪೆ ಮುಂದೆ ಓಡಿದೆ ಎಂದರೆ ಎಳೆ ಕಾಯಿಯನ್ನು ಕಿತ್ತಿರಬಹುದು, ಅಥವಾ ಮಾಗಿಸುವವರು ಅವಸರ ಮಾಡಿರಬಹುದು.

ಫೋಟೋದಲ್ಲಿ ಎಳೆ ಕಾಯಿಗೆ ಒಂದು ಗುರುತಿದೆ: ಮೈಯ ಏಣುಗಳು. ಬಲಿತ ಬಾಳೆ ದುಂಡಗೆ ತುಂಬಿಕೊಂಡಿರುತ್ತದೆ. ಎಳೆಯದರಲ್ಲಿ ಉದ್ದುದ್ದ ಏಣುಗಳು ಚೂಪಾಗಿ ಎದ್ದು ಕಾಣುತ್ತವೆ, ಅಡ್ಡ ಕೊಯ್ದರೆ ಮೂಲೆಮೂಲೆಯಾಗಿರುತ್ತದೆ. ಹಳದಿಯಾದ ಮೇಲೂ ಆ ಏಣು ಪೂರ್ತಿ ಹೋಗುವುದಿಲ್ಲ. ಕೆಲವು ತಳಿಗಳಿಗೆ ಬಲಿತರೂ ಏಣು ಉಳಿಯುತ್ತದೆ, ಅಲ್ಲಿ ಮಾತ್ರ ಈ ಲೆಕ್ಕ ನಡೆಯದು.

ಇನ್ನೂ ಖಚಿತ ಬೇಕಿದ್ದರೆ ಔಷಧಿ ಅಂಗಡಿಯ ಟಿಂಚರ್ ಅಯೋಡಿನ್ ಸಾಕು. ಬಾಳೆಯನ್ನು ಅಡ್ಡಕ್ಕೆ ಒಂದು ಬಿಲ್ಲೆ ಕೊಯ್ದು, ತಿರುಳಿನ ಮೇಲೆ ಕೆಲವು ಹನಿ ಬಿಟ್ಟು, ಒಂದೆರಡು ನಿಮಿಷ ಕಾಯಿರಿ. ಪಿಷ್ಟ ಇರುವಲ್ಲಿ ಕಡುನೀಲಿ ಕಪ್ಪಾಗುತ್ತದೆ, ಸಕ್ಕರೆಯಾದಲ್ಲಿ ಬಣ್ಣ ಹಿಡಿಯುವುದಿಲ್ಲ. ಚೆನ್ನಾಗಿ ಮಾಗಿದ ಹಣ್ಣಿನಲ್ಲಿ ಹೆಚ್ಚಿನ ಭಾಗ ತಿಳಿಯಾಗೇ ಉಳಿಯುತ್ತದೆ. ಸಿಪ್ಪೆ ಆರನೆಯ ಹಂತದಲ್ಲಿದ್ದು ಬಿಲ್ಲೆ ಪೂರ್ತಿ ಕಪ್ಪಾದರೆ ನಿಮ್ಮ ಅನುಮಾನಕ್ಕೆ ಆಧಾರವಿದೆ. ಆದರೂ ಇದು ಹೇಳುವುದು ತಿರುಳು ಹಿಂದುಳಿದಿದೆ ಎಂದಷ್ಟೇ, ಕಾರ್ಬೈಡ್ ಹಾಕಿದ್ದಾರೆ ಎಂದಲ್ಲ. ಅಯೋಡಿನ್ ತಗುಲಿದ ಬಿಲ್ಲೆಯನ್ನು ಬಿಸಾಡಿ, ಮಕ್ಕಳ ಕೈಗೆ ಸಿಗದಿರಲಿ.

ಬಾಳೆ: ಬೂದು ಮುಚ್ಚಿದ ಮಂಕು ಹಳದಿ

ಇದು ಚಳಿ ಹೊಡೆತ. ಬಾಳೆಯನ್ನು ಸುಮಾರು 13 ಡಿಗ್ರಿಗಿಂತ ಕೆಳಗೆ ಇಟ್ಟರೆ ಸಿಪ್ಪೆಯ ಕೆಳಗೆ ಕಂದು ಗೆರೆಗಳು ಮೂಡಿ, ಹಳದಿಗೆ ಹೊಗೆ ಹಿಡಿದಂತಾಗುತ್ತದೆ. ಫ್ರಿಜ್ಜಿನಲ್ಲಿಟ್ಟ ಹಣ್ಣು ಕಪ್ಪಾಗುವುದೂ ಇದೇ ಕಾರಣಕ್ಕೆ. ತೆಳ್ಳಗೆ ಸಿಪ್ಪೆ ಕೆರೆದಾಗ ಒಳಗೆ ಕಂದು ಎಳೆ ಕಂಡರೆ ರಾಸಾಯನಿಕವನ್ನು ಹುಡುಕುವುದು ಬೇಡ.

ಮಾವು: ರಾಶಿಯೆಲ್ಲ ಒಂದೇ ಹಳದಿ

ಮಾವಿನಲ್ಲಿ ಬಣ್ಣ ಬಾಳೆಗಿಂತಲೂ ದೊಡ್ಡ ಮೋಸಗಾರ. ಕೆಂಟ್, ಕೀಟ್ ಮುಂತಾದ ತಳಿಗಳು ಪೂರ್ತಿ ಹಣ್ಣಾದರೂ ಹಸಿರು ಬಿಡದಿರಬಹುದು. ಟಾಮಿ ಅಟ್ಕಿನ್ಸ್ ಕಾಯಿಯಾಗಿದ್ದಾಗಲೇ ಕೆಂಪಾಗಿರುತ್ತದೆ. ಕೆಂಪು ಎಂಬುದು ಬಿಸಿಲು ತಾಗಿದ ಬದಿಯಲ್ಲಿ ಮೂಡುವ ಬಣ್ಣ, ಮಾಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದ ಮಾವಿನ ಫೋಟೋದಲ್ಲಿ ಬಣ್ಣವನ್ನು ಕೊನೆಗೆ ಓದಿ, ಮೊದಲು ಆಕಾರವನ್ನು ಓದಿ.

ನೋಡಬೇಕಾದದ್ದು ತೊಟ್ಟಿನ ಎರಡು ಪಕ್ಕದ ಹೆಗಲುಗಳನ್ನು. ಬಲಿತ ಮಾವಿನಲ್ಲಿ ಹೆಗಲು ತುಂಬಿ, ತೊಟ್ಟು ಕೂತ ಜಾಗಕ್ಕಿಂತ ಮೇಲೆದ್ದಿರುತ್ತದೆ. ತೊಟ್ಟು ಸಣ್ಣ ಕುಳಿಯಲ್ಲಿ ಕೂತ ಹಾಗೆ ಕಾಣುತ್ತದೆ. ಎಳೆಯದರಲ್ಲಿ ಹೆಗಲು ಇಳಿಜಾರಾಗಿ, ತೊಟ್ಟೇ ಎತ್ತರದಲ್ಲಿರುತ್ತದೆ. ಹಳದಿಯಾದರೂ ಈ ಆಕಾರ ಬದಲಾಗುವುದಿಲ್ಲ. ಎಳೆ ಕಾಯಿಯನ್ನು ಬಲವಂತವಾಗಿ ಹಣ್ಣಿಗೆ ಹಾಕಿದರೆ ನೀರು ಬೇಗ ಕಳೆದುಕೊಂಡು ತೊಟ್ಟಿನ ಸುತ್ತ ಸುಕ್ಕು ಬೀಳುತ್ತದೆ, ಸಿಪ್ಪೆ ಬಣ್ಣ ತಿರುಗಿದರೂ ಪರಿಮಳ ಏಳುವುದಿಲ್ಲ. ತೊಟ್ಟಿನಿಂದ ಇಳಿದ ಕಪ್ಪು ಗೆರೆ ಕಂಡರೆ ಗಾಬರಿ ಬೇಡ, ಅದು ಸೊನೆ ಹರಿದು ಸುಟ್ಟ ಕಲೆ.

ತುಂಬಿದ ಹೆಗಲು, ಸಮ ಬಣ್ಣ, ಒಳ್ಳೆಯ ಪರಿಮಳ ಮೂರೂ ಇದ್ದರೆ ಬಲಿತ ಕಾಯಿಯನ್ನು ಒಂದೇ ದಿನ ಹಣ್ಣಿಗೆ ಹಾಕಿದ್ದಾರೆ ಎಂದು ತಿಳಿಯಿರಿ. ಎಥಿಲೀನ್ ಕೋಣೆಯಲ್ಲಿ 20ರಿಂದ 22 ಡಿಗ್ರಿಯಲ್ಲಿ ಮಾಗಿದ್ದೂ ಹೀಗೇ ಕಾಣುತ್ತದೆ, ಒಂದೇ ಕೊಯ್ಲಿನ ಬಲಿತ ಕಾಯಿಗಳನ್ನು ಮುಚ್ಚಿಟ್ಟು ಮಾಗಿಸಿದ್ದೂ ಹೀಗೇ ಕಾಣುತ್ತದೆ. ಇವೆರಡನ್ನು ಫೋಟೋದಿಂದ ಬೇರ್ಪಡಿಸುವ ದಾರಿ ನನಗೆ ಗೊತ್ತಿಲ್ಲ, ಬೇರ್ಪಡಿಸಿ ಆಗಬೇಕಾದದ್ದೂ ಏನಿಲ್ಲ.

ಮಾವು: ಹಸಿರು, ಹಳದಿ ತೇಪೆ ಹಾಕಿದ ಹಾಗೆ

ಕ್ರೇಟಿನಲ್ಲಿ ಪೊಟ್ಟಣವಿಟ್ಟರೆ ಅನಿಲ ಸಮನಾಗಿ ಹರಡುವುದಿಲ್ಲ. ಹತ್ತಿರದವು ಮೊದಲು ತಿರುಗುತ್ತವೆ, ದೂರದವು ಹಿಂದುಳಿಯುತ್ತವೆ. ತೇಪೆ ಬಣ್ಣವನ್ನು ಕಾರ್ಬೈಡಿಗೆ ಅಂಟಿಸುವ ಮಾತಿಗೆ ಇಷ್ಟು ಆಧಾರವಿದೆ. ಆದರೆ 30 ಡಿಗ್ರಿ ಮೀರಿದ ಬಿಸಿಯಲ್ಲಿ ಏನೂ ಹಾಕದೆ ಮಾಗಿದ ಮಾವಿಗೂ ಮಚ್ಚೆಮಚ್ಚೆ ಬಣ್ಣ ಬರುತ್ತದೆ, ಎಲೆಯ ನೆರಳಿನಲ್ಲಿದ್ದ ಬದಿ ಹಸಿರಾಗೇ ಉಳಿಯಬಹುದು, ತೀರಾ ತಂಪಿನಲ್ಲಿಟ್ಟ ಹಣ್ಣಿಗೆ ಬೂದು ಕಲೆ ಬೀಳುತ್ತದೆ. ಹೀಗೆ ನಾಲ್ಕು ಕಾರಣಗಳಿರುವ ಲಕ್ಷಣ ಒಂದೇ ಕಾರಣಕ್ಕೆ ಸಾಕ್ಷಿಯಾಗಲಾರದು. ತೇಪೆ ಎಲ್ಲ ಹಣ್ಣಿನಲ್ಲೂ ಒಂದೇ ಕಡೆ ಇದೆಯೇ, ಕ್ರೇಟಿನ ಒಂದು ಮೂಲೆಯಲ್ಲಿ ಮಾತ್ರವೇ ಎಂದು ರಾಶಿಯ ಫೋಟೋ ನೋಡಿ. ಒಂದು ಮೂಲೆಯದಾದರೆ ಆ ಮೂಲೆಯಲ್ಲಿ ಏನಿಟ್ಟಿದ್ದರು ಎಂದು ಹುಡುಕುವುದು ನ್ಯಾಯ.

ಒಂದು ಉದಾಹರಣೆ, ಹೆಜ್ಜೆ ಹೆಜ್ಜೆಯಾಗಿ

ಒಂದು ಪೆಟ್ಟಿಗೆ ಮಾವಿನ ಫೋಟೋ ಇದೆ ಎನ್ನಿ. ಹನ್ನೆರಡು ಹಣ್ಣು, ಎಲ್ಲವೂ ಹೊಳೆಯುವ ಹಳದಿ. ಮೊದಲ ನೋಟಕ್ಕೆ "ಗ್ಯಾಸ್ ಹಾಕಿದ್ದು" ಎನ್ನಿಸುತ್ತದೆ. ಪೆಟ್ಟಿಗೆಯೊಳಗಿನ ಬಿಳಿ ಕಾಗದ ಫೋಟೋದಲ್ಲಿ ಕೆನೆಹಳದಿ. ಹಗಲಿನಲ್ಲಿ ಮತ್ತೆ ತೆಗೆಸಿದಾಗ ಕಾಗದ ಬಿಳಿಯಾಯಿತು, ಹಣ್ಣುಗಳ ಹಳದಿ ತೆಳುವಾಯಿತು, ಮೂರು ಹಣ್ಣಿನ ಕೆಳಬದಿಯಲ್ಲಿ ಹಸಿರು ಕಂಡಿತು. ಹೊಳಪಿನ ಸಾಕ್ಷ್ಯ ಅಲ್ಲಿಗೆ ಬಿತ್ತು.

ಇನ್ನು ಆಕಾರ. ಒಂಬತ್ತು ಹಣ್ಣಿನ ಹೆಗಲು ತುಂಬಿದೆ. ಆ ಮೂರರ ಹೆಗಲು ಇಳಿದಿದೆ, ತೊಟ್ಟಿನ ಸುತ್ತ ಸಣ್ಣ ಸುಕ್ಕು. ತುಂಬಿದ್ದೊಂದು, ಇಳಿದದ್ದೊಂದು ಕೊಯ್ದು ನೋಡಿದರೆ ಮೊದಲನೆಯದು ಓಟೆಯವರೆಗೂ ಕಿತ್ತಳೆ ಬಣ್ಣ, ಎರಡನೆಯದು ಸಿಪ್ಪೆಯ ಹತ್ತಿರ ಹಳದಿ, ಓಟೆಯ ಸುತ್ತ ಬಿಳಿಚು, ರುಚಿ ಹುಳಿ. ತಾನಾಗಿ ಮಾಗಲು ಬಿಟ್ಟಿದ್ದರೆ ಈ ಎಳೆಯವು ಬಲಿತವುಗಳ ಜೊತೆಗೆ ಬಣ್ಣ ತಿರುಗುವುದು ಕಷ್ಟ. ಅಂದರೆ ಇಡೀ ಪೆಟ್ಟಿಗೆಗೆ ಹೊರಗಿನಿಂದ ಚಾಲನೆ ಸಿಕ್ಕಿದೆ, ಕೊಯ್ಲಿನಲ್ಲಿ ಎಳೆಯವೂ ಬೆರೆತಿವೆ. ನನ್ನ ತೀರ್ಪು ಇಲ್ಲಿಗೆ ನಿಲ್ಲುತ್ತದೆ. ಚಾಲನೆ ಎಥಿಲೀನಿನದೋ ಅಸಿಟಿಲೀನಿನದೋ ಎಂಬುದಕ್ಕೆ ಈ ಫೋಟೋಗಳಲ್ಲಿ ಉತ್ತರವಿಲ್ಲ. ಮುಂದಿನ ಹೆಜ್ಜೆ ಪೆಟ್ಟಿಗೆಯ ತಳ ಮತ್ತು ತೊಟ್ಟಿನ ಕುಳಿಗಳನ್ನು ಹತ್ತಿರದಿಂದ ನೋಡುವುದು. ಈ ಉದಾಹರಣೆಯಲ್ಲಿ ಅಲ್ಲಿ ಪುಡಿಯೂ ಇಲ್ಲ, ಪೊಟ್ಟಣವೂ ಇಲ್ಲ. ಬಲಿತ ಒಂಬತ್ತನ್ನು ತೊಳೆದು ತಿನ್ನಬಹುದು, ಉಳಿದ ಮೂರಕ್ಕೆ ರುಚಿಯಿಲ್ಲ.

ಮಾವನ್ನು ನೀರಿಗೆ ಹಾಕಿ, ತೇಲಿದರೆ ಕಾರ್ಬೈಡಿನದು, ಮುಳುಗಿದರೆ ಸಹಜ ಎನ್ನುವ ಪರೀಕ್ಷೆ ಅಳೆಯುವುದೂ ಕಾಯಿ ಎಷ್ಟು ಬಲಿತಿತ್ತು ಎಂಬುದನ್ನಷ್ಟೇ. ಬಲಿತ ಕಾಯಿಯ ಸಾಂದ್ರತೆ ನೀರಿಗಿಂತ ಹೆಚ್ಚು, ಅದು ಮುಳುಗುತ್ತದೆ. ಎಳೆಯದು ತೇಲುವ ಸಾಧ್ಯತೆ ಹೆಚ್ಚು. ಬಲಿತ ಕಾಯಿಗೆ ಕಾರ್ಬೈಡ್ ಹಾಕಿದರೂ ಮುಳುಗುತ್ತದೆ.

ಬಿಳಿ ಬೂದು ಪುಡಿ, ಬೆಳ್ಳುಳ್ಳಿ ವಾಸನೆ, ಕಾಗದದ ಪೊಟ್ಟಣ: ಇಲ್ಲಿ ನಿಲ್ಲಿಸಿ

ಕಾರ್ಬೈಡಿಗೆ ನೇರವಾಗಿ ಬೆರಳು ತೋರಿಸುವ ಗುರುತುಗಳು ಇವು ಮಾತ್ರ. ಕಾರ್ಬೈಡ್ ಅನಿಲ ಬಿಟ್ಟ ಮೇಲೆ ಉಳಿಯುವುದು ಸುಣ್ಣ. ಆ ಪುಡಿ ತೊಟ್ಟಿನ ಕುಳಿಯಲ್ಲಿ, ಹಣ್ಣಿನ ಒಂದು ಬದಿಯಲ್ಲಿ, ಪೆಟ್ಟಿಗೆಯ ತಳದಲ್ಲಿ ಗುಂಪಾಗಿ ಸಿಗುತ್ತದೆ, ಮುಟ್ಟಿದರೆ ತರಿತರಿ. ಮಾವಿನ ಸಹಜ ಮೇಣದ ಪೊರೆಯೂ ಬೆಳ್ಳಗೆ ಕಾಣುತ್ತದೆ, ಆದರೆ ಅದು ಹಣ್ಣಿನ ತುಂಬ ತೆಳ್ಳಗೆ ಹರಡಿ, ಬೆರಳಿಂದ ಉಜ್ಜಿದಲ್ಲಿ ಮಾತ್ರ ಮಿನುಗುತ್ತದೆ. ಫೋಟೋದಲ್ಲಿ ಇವೆರಡನ್ನು ಬೇರ್ಪಡಿಸುವುದು ಹರಡಿಕೆಯಿಂದ: ಸಮನಾಗಿದ್ದರೆ ಮೇಣ, ಗುಂಪುಗುಂಪಾಗಿದ್ದರೆ ಅನುಮಾನ. ಬೆಳ್ಳುಳ್ಳಿಯಂಥ ವಾಸನೆ ರಂಜಕದ ಅಂಶದಿಂದ ಹುಟ್ಟುವ ಅನಿಲದ್ದು. ಪೆಟ್ಟಿಗೆಗೆ ಮೂಗು ಹಚ್ಚಿ ಮೂಸಬೇಡಿ, ದೂರದಿಂದ ತಿಳಿದಷ್ಟು ಸಾಕು.

ಪೊಟ್ಟಣ ಕಂಡರೆ ನೀರು ಸೋಕಿಸಬೇಡಿ. ಪೆಟ್ಟಿಗೆಯನ್ನು ಗಾಳಿಯಾಡುವ ಬಯಲಿಗೆ ತನ್ನಿ. ಹತ್ತಿರ ಒಲೆ, ಬೀಡಿ, ವಿದ್ಯುತ್ ಕಿಡಿ ಇರಬಾರದು. ಅಸಿಟಿಲೀನ್ ಬೆಂಕಿಗೆ ಸಿಡಿಯುವ ಅನಿಲ. ಬೆಂಕಿಕಡ್ಡಿ ಗೀರಿ ಪೆಟ್ಟಿಗೆ ಪರೀಕ್ಷಿಸುವ ವಿಡಿಯೋಗಳನ್ನು ಅನುಕರಿಸಲೇಬೇಡಿ: ಅನಿಲ ಇದ್ದರೆ ನಿಮಗೆ ಅಪಾಯ, ಹೋಗಿಬಿಟ್ಟಿದ್ದರೆ ಏನೂ ತಿಳಿಯುವುದಿಲ್ಲ. ಬರಿಗೈಯಲ್ಲಿ ಮುಟ್ಟಬೇಡಿ. ಕೈಗೆ ಪುಡಿ ತಗುಲಿದ್ದರೆ ಮೊದಲು ಒಣಗಿದ್ದಂತೆಯೇ ಕೊಡವಿ, ಆಮೇಲೆ ಧಾರಾಳ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಕೊಡವುತ್ತಾ ಕೂರದೆ ಕೂಡಲೇ ಹರಿಯುವ ನೀರಿನಲ್ಲಿ ಕನಿಷ್ಠ ಕಾಲು ಗಂಟೆ ತೊಳೆಯುತ್ತ ಆಸ್ಪತ್ರೆಗೆ ಹೊರಡುವ ಏರ್ಪಾಡು ಮಾಡಿ.

ಇಂಥ ಹಣ್ಣನ್ನು ತೊಳೆದು ತಿನ್ನುವ ಲೆಕ್ಕಾಚಾರ ಬೇಡ. ತಿಂದಾಗಿದ್ದು ಬಾಯಿ ಗಂಟಲು ಉರಿ, ವಾಂತಿ, ಹೊಟ್ಟೆನೋವು, ಉಸಿರಾಟದ ತೊಂದರೆ ಕಂಡರೆ ಮನೆಮದ್ದು ಬಿಟ್ಟು ವೈದ್ಯರ ಬಳಿಗೆ ಹೋಗಿ. ಹಣ್ಣಿನ ಮತ್ತು ಪುಡಿಯ ಫೋಟೋ ತೋರಿಸಿ. ದೂರು ಕೊಡುವುದಿದ್ದರೆ ಹಣ್ಣು ತೊಳೆಯಬೇಡಿ. ಪುಡಿ ಸಮೇತ ಪೆಟ್ಟಿಗೆಯನ್ನು ತೇವ ತಾಗದಂತೆ ಗಾಳಿಯಾಡುವ ಕಡೆ ಪ್ರತ್ಯೇಕವಾಗಿಟ್ಟು, ಬಿಲ್ಲು ಮತ್ತು ದಿನಾಂಕ ಗುರುತು ಮಾಡಿ, ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಿ. ಪ್ರಯೋಗಾಲಯಕ್ಕೆ ಬೇಕಾದದ್ದು ಆ ಪುಡಿ, ಫೋಟೋ ಅಲ್ಲ.